ಚುಟುಕು ಉತ್ತರ, ಪಟ್ಟಿ, ಪದ್ಯ, ಲ್ಯಾಬ್ ರಿಪೋರ್ಟ್: ಎಐ ಡಿಟೆಕ್ಟರ್‌ಗೆ ಹಾಕುವ ಮೊದಲು ನೋಡಬೇಕಾದ್ದೇನು

ಅರವತ್ತು ಪದದ ಉತ್ತರವೊಂದನ್ನು, ಬರೆದದ್ದು ಮನುಷ್ಯರೋ ಯಂತ್ರವೋ ಎಂದು ಅಂದಾಜು ಮಾಡುವ ಎಐ ಡಿಟೆಕ್ಟರ್‌ಗೆ ಹಾಕಿದರೆ ಒಂದು ಅಂಕಿ ಬರುತ್ತದೆ. ಮೇಲಿನ ಪ್ರಶ್ನೆಯ ಸಾಲನ್ನು ಅಳಿಸಿ ಮತ್ತೆ ಹಾಕಿದರೆ ಅಂಕಿ ಬದಲಾಗಿರುತ್ತದೆ. ಬರೆದ ಕೈ ಅದೇ, ಬರಹವೂ ಅದೇ. ಆದರೂ ಮೊದಲು ಬಂದ ಅಂಕಿಯನ್ನೇ ಹಿಡಿದು ವಿದ್ಯಾರ್ಥಿಯನ್ನು ಸ್ಟಾಫ್ ರೂಮಿಗೆ ಕರೆಸುವುದು ಮತ್ತೆ ಮತ್ತೆ ನಡೆಯುತ್ತಿದೆ. ಇಂಥ ಕಡೆ ತಪ್ಪು ಆಗುವುದು ಹೆಚ್ಚಾಗಿ ಪೇಸ್ಟ್ ಮಾಡುವ ಮೊದಲೇ: ಅಳೆಯಲು ಬಾರದ ಬರಹವನ್ನು ಅಳೆಯಲು ಹೊರಟಾಗ.

ಕೆಳಗಿನ ಹಂತಗಳು ಅಧ್ಯಾಪಕರಿಗೆ, ಲ್ಯಾಬ್ ರೆಕಾರ್ಡ್ ತಿದ್ದುವವರಿಗೆ, ತಪ್ಪು ಆರೋಪಕ್ಕೆ ಉತ್ತರ ಕೊಡಬೇಕಾಗಿ ಬಂದ ವಿದ್ಯಾರ್ಥಿಗಳಿಗೆ. ಇವುಗಳ ಕ್ರಮ ಮುಖ್ಯ. ಮೊದಲ ಮೂರು ಹಂತ ಮುಗಿಯುವ ತನಕ ಡಿಟೆಕ್ಟರ್ ತೆರೆಯಬೇಡಿ. ಒಂದು ಸಲ ಅಂಕಿ ಕಣ್ಣಿಗೆ ಬಿದ್ದರೆ ಆಮೇಲೆ ಬರಹವನ್ನು ನೋಡುವ ರೀತಿಯೇ ಬದಲಾಗುತ್ತದೆ.

## ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ್ದು

ವಿದ್ಯಾರ್ಥಿ ಕೊಟ್ಟ ಮೂಲ ಫೈಲ್ ಬೇಕು, ಅದರ ಫೋಟೋ ಅಥವಾ ಸ್ಕ್ಯಾನ್ ಅಲ್ಲ. ಸ್ಕ್ಯಾನ್‌ನಿಂದ ಅಕ್ಷರ ಎತ್ತುವಾಗ ಸಾಲುಗಳು ಒಡೆಯುತ್ತವೆ, ಕೋಷ್ಟಕದ ಅಂಕಿಗಳು ವಾಕ್ಯದೊಳಗೆ ನುಗ್ಗುತ್ತವೆ. ಪದ ಎಣಿಸಲು ವರ್ಡ್ ಅಥವಾ ಗೂಗಲ್ ಡಾಕ್ಸ್ ಸಾಕು.

ಎರಡನೆಯದು, ನೀವು ಬಳಸುವ ಡಿಟೆಕ್ಟರ್‌ನ ಸಹಾಯ ಪುಟ. ಕನಿಷ್ಠ ಎಷ್ಟು ಪದ ಬೇಕು, ಯಾವ ಭಾಷೆ, ಯಾವ ಬಗೆಯ ಬರಹ ಎಂಬುದನ್ನು ತಯಾರಕರೇ ಅಲ್ಲಿ ಬರೆದಿರುತ್ತಾರೆ.

ಮೂರನೆಯದನ್ನು ಹೆಚ್ಚಿನವರು ಯೋಚಿಸಿಯೇ ಇರುವುದಿಲ್ಲ: ಅದೇ ಪ್ರಯೋಗದ, ಅದೇ ಪ್ರಶ್ನೆಯ ಹಳೆಯ ಬರಹಗಳು. ಚಾಟ್‌ಜಿಪಿಟಿ ಸಾರ್ವಜನಿಕರಿಗೆ ತೆರೆದದ್ದು 2022ರ ನವೆಂಬರ್ 30ರಂದು. ಅದಕ್ಕೂ ಕೆಲವು ವರ್ಷ ಹಿಂದಿನ, ಅಂದರೆ 2018 ಅಥವಾ 2019ರ ಐದಾರು ರೆಕಾರ್ಡ್ ಪುಸ್ತಕಗಳು ಲ್ಯಾಬಿನ ಬೀರುವಿನಲ್ಲಿ ಸಿಕ್ಕರೆ ಜೋಪಾನ ಮಾಡಿ. ಐದನೇ ಹಂತಕ್ಕೆ ಅವೇ ಆಧಾರ.

## ಹಂತ 1: ಡಿಟೆಕ್ಟರ್ ಏನನ್ನು ಅಳೆಯುತ್ತದೆ ಎಂಬುದನ್ನು ತಿಳಿಯಿರಿ

"ಗಾಳಿ ಬಂದಾಗ" ಎಂದು ಯಾರಾದರೂ ಶುರು ಮಾಡಿದರೆ ಮುಂದಿನ ಪದ "ತೂರಿಕೋ" ಎಂದು ನಿಮಗೆ ಗೊತ್ತು. "ಗಾಳಿ ಬಂದಾಗ ಕಿಟಕಿಯ ಪಕ್ಕ ಇಟ್ಟಿದ್ದ" ಎಂದು ಹೋದರೆ ಮುಂದಿನದನ್ನು ಊಹಿಸುವುದು ಕಷ್ಟ. ಚಾಟ್‌ಜಿಪಿಟಿಯ ಹಿಂದೆ ಇರುವಂಥ ಭಾಷಾ ಮಾದರಿಯೂ ಪ್ರತಿ ಪದಕ್ಕೆ ಹೀಗೆ ಊಹೆ ಕಟ್ಟುತ್ತದೆ. ಊಹಿಸಿದ ಪದವೇ ಬಂದರೆ ಅಚ್ಚರಿ ಕಡಿಮೆ, ಬೇರೆ ಬಂದರೆ ಹೆಚ್ಚು. ಇಡೀ ಬರಹದ ಅಚ್ಚರಿಯ ಸರಾಸರಿಯಿಂದ ಲೆಕ್ಕ ಹಾಕುವ ಅಳತೆಗೆ ಪರ್ಪ್ಲೆಕ್ಸಿಟಿ ಎನ್ನುತ್ತಾರೆ. ವಾಕ್ಯದಿಂದ ವಾಕ್ಯಕ್ಕೆ ಈ ಅಳತೆ ಎಷ್ಟು ಏರಿಳಿಯುತ್ತದೆ ಎಂಬುದು ಬರ್ಸ್ಟಿನೆಸ್. ಯಂತ್ರದ ಬರಹದಲ್ಲಿ ಸಾಮಾನ್ಯವಾಗಿ ಎರಡೂ ಕಡಿಮೆ ಇರುತ್ತವೆ.

ಈಚಿನ ಕೆಲವು ಡಿಟೆಕ್ಟರ್‌ಗಳು ಈ ಅಳತೆಯನ್ನು ನೇರವಾಗಿ ಬಳಸುವುದಿಲ್ಲ. ಮನುಷ್ಯರು ಬರೆದ ಮತ್ತು ಯಂತ್ರ ಬರೆದ ಸಾವಿರಾರು ಬರಹಗಳನ್ನು ನೋಡಿ ಕಲಿತ ಮಾದರಿಗಳು ಅವು. ಆದರೆ ಅವು ಕಲಿತದ್ದು ಹೆಚ್ಚಾಗಿ ಉದ್ದನೆಯ ಗದ್ಯದಿಂದ: ಪ್ರಬಂಧ, ಲೇಖನ, ವರದಿ. ಕಲಿಯದ ಬಗೆಯ ಬರಹ ಕೊಟ್ಟರೂ ಅವು "ಗೊತ್ತಿಲ್ಲ" ಎನ್ನದೆ ಒಂದು ಅಂಕಿ ಕೊಡುತ್ತವೆ.

ಇಷ್ಟು ತಿಳಿದರೆ ಮುಂದಿನದು ಸುಲಭ. ಡಿಟೆಕ್ಟರ್ ಬರೆದವರನ್ನು ನೋಡುವುದಿಲ್ಲ, ಪದಗಳು ಎಷ್ಟು ಊಹೆಗೆ ಸಿಗುತ್ತವೆ ಎಂಬುದನ್ನು ನೋಡುತ್ತದೆ. "ಗಾಳಿ ಬಂದಾಗ ತೂರಿಕೋ" ಊಹೆಗೆ ಸಿಗುವುದು ಯಂತ್ರ ಬರೆದದ್ದಕ್ಕಲ್ಲ, ಎಲ್ಲರ ಬಾಯಲ್ಲಿ ಇರುವುದಕ್ಕೆ. ಅಮೆರಿಕದ ಸಂವಿಧಾನದ ಸಾಲುಗಳನ್ನು ಡಿಟೆಕ್ಟರ್‌ಗಳು ಎಐ ಬರಹವೆಂದು ಗುರುತಿಸಿದ್ದಕ್ಕೂ ಇದೇ ಕಾರಣ. ಮಾದರಿಗಳು ಆ ಪಠ್ಯವನ್ನು ಎಷ್ಟೋ ಸಲ ಓದಿಕೊಂಡಿವೆ.

## ಹಂತ 2: ಬರಹವನ್ನು ಬಗೆಬಗೆಯಾಗಿ ಬಿಡಿಸಿ

ಫೈಲ್‌ನ ಒಂದು ಪ್ರತಿ ಮಾಡಿಕೊಂಡು ಅದರಲ್ಲಿ ನಾಲ್ಕು ಬಣ್ಣ ಹಾಕಿ. ವಿದ್ಯಾರ್ಥಿ ಸ್ವಂತವಾಗಿ ಕಟ್ಟಿದ ವಾಕ್ಯಗಳಿಗೆ ಒಂದು. ಪಠ್ಯಪುಸ್ತಕ ಅಥವಾ ಲ್ಯಾಬ್ ಮ್ಯಾನ್ಯುಯಲ್‌ನ ಪ್ರಕಾರವೇ ಬರೆಯಬೇಕಾದ ವಾಕ್ಯಗಳಿಗೆ ಇನ್ನೊಂದು. ಪಟ್ಟಿ, ಕೋಷ್ಟಕ, ಸಮೀಕರಣ, ಲೆಕ್ಕಕ್ಕೆ ಮೂರನೆಯದು. ಪ್ರಶ್ನೆ, ತಲೆಬರಹ, ಹೆಸರು, ನೋಂದಣಿ ಸಂಖ್ಯೆಗೆ ನಾಲ್ಕನೆಯದು.

ನಾಲ್ಕನೆಯ ಬಣ್ಣದ್ದನ್ನು ಅಳಿಸಿಬಿಡಿ. ಪ್ರಶ್ನೆಯ ಸಾಲು ಇಡೀ ತರಗತಿಗೆ ಒಂದೇ. ಚುಟುಕು ಉತ್ತರದಲ್ಲಿ ಅದೇ ಕಾಲು ಭಾಗ ಆಗಬಹುದು, ಆಗ ನೀವು ಅಳೆಯುವುದು ಪ್ರಶ್ನೆಪತ್ರಿಕೆ ಬರೆದವರ ಶೈಲಿಯನ್ನು. ವಿದ್ಯಾರ್ಥಿಯ ಹೆಸರನ್ನು ಹೊರಗಿನ ಜಾಲತಾಣಕ್ಕೆ ಹಾಕಬಾರದು ಎಂಬ ಕಾರಣವೂ ಇದೆ.

## ಹಂತ 3: ಗದ್ಯವನ್ನು ಮಾತ್ರ ಎಣಿಸಿ

ಈಗ ಮೊದಲ ಎರಡು ಬಣ್ಣದ ಪದಗಳನ್ನಷ್ಟೇ ಎಣಿಸಿ. ಕಾಲೇಜುಗಳು ನಕಲು ಪತ್ತೆಗೆ ಬಳಸುವ ಟರ್ನಿಟಿನ್ 2023ರ ಏಪ್ರಿಲ್‌ನಲ್ಲಿ ಎಐ ಪತ್ತೆಯನ್ನು ಶುರು ಮಾಡಿದಾಗ ಕನಿಷ್ಠ 150 ಪದ ಇದ್ದರೆ ಸಾಕು ಎಂದಿತ್ತು. ಹೆಚ್ಚು ಪದವಿದ್ದಾಗ ನಿಖರತೆ ಹೆಚ್ಚುತ್ತದೆ ಎಂದು ಕಂಡು ಅದೇ ವರ್ಷ ಅದನ್ನು 300ಕ್ಕೆ ಏರಿಸಿತು. ಆ 300 ಪದಗಳೂ ಗದ್ಯ ವಾಕ್ಯಗಳಲ್ಲಿರಬೇಕು. ಪದ್ಯ, ನಾಟಕದ ಸಂಭಾಷಣೆ, ಕೋಡ್, ಬುಲೆಟ್ ಪಟ್ಟಿ, ಕೋಷ್ಟಕ ಇವನ್ನು ತಾನು ಸರಿಯಾಗಿ ಗುರುತಿಸುವುದಿಲ್ಲ ಎಂದು ಕಂಪನಿಯೇ ಹೇಳುತ್ತದೆ.

ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ 2023ರ ಜನವರಿಯಲ್ಲಿ ಹೊರತಂದ ಡಿಟೆಕ್ಟರ್ 1000 ಅಕ್ಷರಗಳಿಗಿಂತ ಚಿಕ್ಕ ಬರಹದಲ್ಲಿ ತೀರಾ ನಂಬಲರ್ಹವಲ್ಲ ಎಂದು ಅವರೇ ಬರೆದಿದ್ದರು. ತುಂಬ ಊಹೆಗೆ ಸಿಗುವ ಬರಹವನ್ನು ಯಾರು ಬರೆದರೆಂದು ಹೇಳಲಾಗದು ಎನ್ನುತ್ತ ಒಂದು ಉದಾಹರಣೆಯನ್ನೂ ಕೊಟ್ಟಿದ್ದರು: ಮೊದಲ 1000 ಅವಿಭಾಜ್ಯ ಸಂಖ್ಯೆಗಳ ಪಟ್ಟಿ. ಸರಿಯಾದ ಉತ್ತರ ಒಂದೇ ಇರುವಾಗ ಯಾರು ಬರೆದರೂ ಅದೇ ಬರುತ್ತದೆ. ನಿಖರತೆ ಕಡಿಮೆ ಎಂಬ ಕಾರಣಕ್ಕೆ ಆ ಡಿಟೆಕ್ಟರನ್ನು ಜುಲೈನಲ್ಲಿ ಹಿಂದಕ್ಕೆ ಪಡೆದರು.

ಇಲ್ಲೊಂದು ಎಚ್ಚರಿಕೆ. ಕೆಲವು ಉಚಿತ ಡಿಟೆಕ್ಟರ್‌ಗಳು ಎರಡು ಮೂರು ವಾಕ್ಯಕ್ಕೂ ಉತ್ತರ ಕೊಡುತ್ತವೆ. ಉತ್ತರ ಕೊಡಲು ಬೇಕಾದ ಉದ್ದ ಬೇರೆ, ಆ ಉತ್ತರ ನಂಬಲು ಬೇಕಾದ ಉದ್ದ ಬೇರೆ. ನಿಮ್ಮ ಎಣಿಕೆ 300 ದಾಟದಿದ್ದರೆ ಇಲ್ಲಿಗೇ ನಿಲ್ಲಿಸಿ ಏಳನೇ ಹಂತಕ್ಕೆ ಹೋಗಿ.

300 ಮುಟ್ಟಿಸಲೆಂದು ಐದು ಚುಟುಕು ಉತ್ತರಗಳನ್ನು ಒಟ್ಟಿಗೆ ಅಂಟಿಸಬೇಡಿ. ಒಂದು ಉತ್ತರದಿಂದ ಇನ್ನೊಂದಕ್ಕೆ ವಿಷಯ ಹಾರುವ ಐದು ತುಣುಕುಗಳು ಒಂದು ಗದ್ಯವಾಗುವುದಿಲ್ಲ. ಐದು ಮಂದಿಯ ಉತ್ತರಗಳನ್ನು ಸೇರಿಸಿ ನೋಡುವವರೂ ಇದ್ದಾರೆ. ಅದರಿಂದ ಬಂದ ಅಂಕಿ ಆ ಐವರಲ್ಲಿ ಯಾರದ್ದೂ ಅಲ್ಲ.

### ಚುಟುಕು ಉತ್ತರ ಯಾಕೆ ಕೈಕೊಡುತ್ತದೆ

ನಾಣ್ಯವನ್ನು ನಾಲ್ಕು ಸಲ ಚಿಮ್ಮಿ ನಾಲ್ಕೂ ಸಲ ತಲೆ ಬಿದ್ದರೆ ನಾಣ್ಯ ಮೋಸದ್ದು ಎನ್ನಲಾಗದು. ನಾಲ್ಕುನೂರು ಸಲವೂ ಬಿದ್ದರೆ ಅನ್ನಬಹುದು. ಸರಾಸರಿಯೊಳಗಿನ ಅಲುಗಾಟ ಎಷ್ಟು ಸಲ ಅಳೆದೆವೋ ಆ ಸಂಖ್ಯೆಯ ವರ್ಗಮೂಲದಷ್ಟು ಪಟ್ಟು ತಗ್ಗುತ್ತದೆ.

ಲೆಕ್ಕಕ್ಕೆಂದು ಹೀಗೆ ಅಂದುಕೊಳ್ಳಿ. ಒಂದೊಂದು ಪದದ ಅಚ್ಚರಿ ಸರಾಸರಿಯಿಂದ 3 ಅಂಶದಷ್ಟು ಆಚೀಚೆ ಆಗುತ್ತದೆ, ಮನುಷ್ಯರ ಮತ್ತು ಯಂತ್ರದ ಸರಾಸರಿಗಳ ನಡುವಿನ ಅಂತರ 0.5. ಉತ್ತರದಲ್ಲಿ 25 ಪದ ಇದ್ದರೆ 25ರ ವರ್ಗಮೂಲ 5, ಅಲುಗಾಟ 3 ಭಾಗಿಸು 5, ಅಂದರೆ 0.6. ಹುಡುಕುತ್ತಿರುವ ಅಂತರಕ್ಕಿಂತ ಅಲುಗಾಟವೇ ದೊಡ್ಡದು. 400 ಪದ ಇದ್ದರೆ ವರ್ಗಮೂಲ 20, ಅಲುಗಾಟ 0.15. ಈಗ ಅಂತರ ಕಣ್ಣಿಗೆ ಕಾಣುತ್ತದೆ. ನಿಜವಾದ ಬರಹದಲ್ಲಿ ಅಕ್ಕಪಕ್ಕದ ಪದಗಳು ಒಂದಕ್ಕೊಂದು ಹೊಂದಿಕೊಂಡಿರುವುದರಿಂದ ಸ್ಥಿತಿ ಈ ಲೆಕ್ಕಕ್ಕಿಂತಲೂ ಕೆಟ್ಟದಾಗಿರುತ್ತದೆ.

ಇದನ್ನು ಕಣ್ಣಾರೆ ನೋಡಬೇಕೆಂದರೆ ಒಂದು ಚಿಕ್ಕ ಪ್ರೋಗ್ರಾಂ ಸಾಕು. ಒಬ್ಬರೇ ಒಂದೇ ಕೂರಿಕೆಯಲ್ಲಿ ಬರೆದ 400 ಪದದ ಇಂಗ್ಲಿಷ್ ಪ್ರಬಂಧವನ್ನು `essay.txt` ಎಂದು ಉಳಿಸಿ. ಮೊದಲು `pip install torch transformers` ಕೊಟ್ಟು, ಆಮೇಲೆ ಇದನ್ನು ಓಡಿಸಿ:

```python
import torch
from transformers import AutoModelForCausalLM, AutoTokenizer

tok = AutoTokenizer.from_pretrained("gpt2")
model = AutoModelForCausalLM.from_pretrained("gpt2").eval()

def ppl(text):
    ids = tok(text, return_tensors="pt").input_ids
    with torch.no_grad():
        return torch.exp(model(ids, labels=ids).loss).item()

words = open("essay.txt", encoding="utf-8").read().split()
for i in range(0, len(words), 40):
    print(i, round(ppl(" ".join(words[i:i+40])), 1))
```

ಪ್ರಬಂಧವನ್ನು 40 ಪದಗಳ ತುಂಡುಗಳಾಗಿ ಕತ್ತರಿಸಿ ಒಂದೊಂದರ ಪರ್ಪ್ಲೆಕ್ಸಿಟಿಯನ್ನು ಇದು ತೋರಿಸುತ್ತದೆ. ಕೊನೆಯ ತುಂಡಿನಲ್ಲಿ ಎರಡು ಮೂರೇ ಪದ ಉಳಿದಿದ್ದರೆ ಅದನ್ನು ಬಿಟ್ಟುಬಿಡಿ, ಒಂದೇ ತುಣುಕು ಉಳಿದರೆ `nan` ಎಂದೂ ಬರಬಹುದು. ಉಳಿದ ಅಂಕಿಗಳು ಒಂದಕ್ಕಿಂತ ಒಂದು ಎಷ್ಟು ದೂರ ಇವೆ ನೋಡಿ. ಚುಟುಕು ಉತ್ತರ ಎಂದರೆ ಇಂಥ ಒಂದೇ ತುಂಡು. ಅದು ಮೇಲಿನದೋ ಕೆಳಗಿನದೋ ಎಂಬುದು ಅದೃಷ್ಟ. ಈ ಪ್ರೋಗ್ರಾಂ ಡಿಟೆಕ್ಟರ್ ಅಲ್ಲ, ಇದರ ಅಂಕಿಯಿಂದ ಯಾರ ಬರಹವನ್ನೂ ತೀರ್ಮಾನಿಸಬೇಡಿ.

ಇದಕ್ಕೆ ಕನ್ನಡ ಬರಹ ಕೊಟ್ಟು ನೋಡುವ ಆಸೆ ಆಗುತ್ತದೆ. ಕೊಟ್ಟರೆ ಸಿಗುವ ಅಂಕಿಗೆ ಅರ್ಥವಿಲ್ಲ. ಕನ್ನಡದ ಒಂದೊಂದು ಯುನಿಕೋಡ್ ಚಿಹ್ನೆಯೂ ಯುಟಿಎಫ್-8 ರೂಪದಲ್ಲಿ ಮೂರು ಬೈಟ್ ಆಗಿರುತ್ತದೆ. ಅದರಲ್ಲಿ ಮೊದಲನೆಯದು ಯಾವಾಗಲೂ `E0`, ಎರಡನೆಯದು `B2` ಅಥವಾ `B3`. ಈ ಪ್ರೋಗ್ರಾಂ ಬಳಸುವ ಜಿಪಿಟಿ-2 ಹೆಚ್ಚಾಗಿ ಇಂಗ್ಲಿಷನ್ನೇ ಓದಿಕೊಂಡ ಮಾದರಿ. ಅದು ಕನ್ನಡದ ಪದವನ್ನು ಪದವಾಗಿ ನೋಡದೆ ಈ ಚೂರುಗಳಾಗಿ ನೋಡುತ್ತದೆ. ಪ್ರತಿ ಸಲ ಅದೇ ಚೂರು ಬಂದರೆ ಊಹೆ ಸುಲಭ, ಸರಾಸರಿ ಅಚ್ಚರಿ ಸುಳ್ಳಾಗಿ ಇಳಿಯುತ್ತದೆ. ಕನ್ನಡಕ್ಕೆಂದು ಪರೀಕ್ಷಿಸಿದ್ದೇವೆ ಎಂದು ಸಹಾಯ ಪುಟದಲ್ಲಿ ಸ್ಪಷ್ಟವಾಗಿ ಬರೆಯದ ಯಾವ ಡಿಟೆಕ್ಟರ್‌ಗೂ ಕನ್ನಡದ ಉತ್ತರ ಹಾಕಬೇಡಿ.

### ಪಟ್ಟಿಯ ತೊಂದರೆ

ಪಟ್ಟಿಯಲ್ಲಿ ವಾಕ್ಯವಿಲ್ಲ. "ಬ್ಯುರೆಟ್, ಪಿಪೆಟ್, ಶಂಕುವಿನಾಕಾರದ ಫ್ಲಾಸ್ಕ್" ಎಂಬುದನ್ನು ಡಿಟೆಕ್ಟರ್ ಒಂದೇ ಉದ್ದನೆಯ ವಾಕ್ಯವೆಂದು ತಿಳಿಯಬಹುದು, ಮೂರು ತುಂಡು ವಾಕ್ಯಗಳೆಂದೂ ತಿಳಿಯಬಹುದು. ಪೂರ್ಣವಿರಾಮ ಇದೆಯೇ, ಸಾಲು ಮುರಿದಿದೆಯೇ ಎಂಬುದರ ಮೇಲೆ ಅದು ನಿಂತಿದೆ. ಅಂದಮೇಲೆ ವಾಕ್ಯಗಳ ಏರಿಳಿತವನ್ನು ಅಳೆಯುವುದು ಹೇಗೆ? ಬುಲೆಟ್ ಚಿಹ್ನೆ ತೆಗೆದು ಅಲ್ಪವಿರಾಮ ಹಾಕಿದರೆ ಅಂಕಿ ಬದಲಾಗುತ್ತದೆ ಎಂದಾದರೆ ಆ ಅಂಕಿ ಬುಲೆಟ್‌ಗೆ ಸೇರಿದ್ದು. ಪಟ್ಟಿಯನ್ನು ಬಿಟ್ಟೇ ಅಳೆಯಿರಿ, ಅದಕ್ಕೆ ಬೇರೆ ಉಪಾಯವಿಲ್ಲ.

### ಪದ್ಯ ಎರಡೂ ಕಡೆ ತಪ್ಪಿಸುತ್ತದೆ

ಭಾಮಿನಿ ಷಟ್ಪದಿಯ ಒಂದು ಪದ್ಯ ತೆಗೆದುಕೊಳ್ಳಿ. 1, 2, 4, 5ನೇ ಸಾಲುಗಳಲ್ಲಿ 14 ಮಾತ್ರೆ, 3 ಮತ್ತು 6ರಲ್ಲಿ 23. ಒಟ್ಟು 102 ಮಾತ್ರೆ. ಪದಗಳಲ್ಲಿ ಎಣಿಸಿದರೆ ಮೂವತ್ತರ ಆಸುಪಾಸು. ಉದ್ದದ ಪರೀಕ್ಷೆಯಲ್ಲೇ ಅದು ಬಿದ್ದುಹೋಗುತ್ತದೆ. ಅಷ್ಟೇ ಅಲ್ಲ, ಪ್ರತಿ ಸಾಲಿನ ಎರಡನೇ ಅಕ್ಷರ ಆದಿಪ್ರಾಸಕ್ಕೆ ಕಟ್ಟುಬಿದ್ದಿದೆ, ಪದದ ಉದ್ದ ಮೂರು ನಾಲ್ಕರ ಗಣಕ್ಕೆ ಕಟ್ಟುಬಿದ್ದಿದೆ. ಕವಿ ಆರಿಸಿದ್ದೆಷ್ಟು, ಛಂದಸ್ಸು ಆರಿಸಿದ್ದೆಷ್ಟು ಎಂದು ಗದ್ಯದ ಅಳತೆಗೋಲಿಗೆ ತಿಳಿಯದು.

ಇಂಗ್ಲಿಷ್ ಪದ್ಯಕ್ಕೂ ಇದೇ ಮಾತು. ಪ್ರಾಸಕ್ಕಾಗಿ, ಲಯಕ್ಕಾಗಿ ಅಪರೂಪದ ಪದ ಬಂದಾಗ ಅಚ್ಚರಿ ಏರುತ್ತದೆ, ಯಂತ್ರ ಬರೆದ ಪದ್ಯವೂ ಮನುಷ್ಯರದ್ದೆಂದು ಕಾಣುತ್ತದೆ. ಹೆಸರಾದ ಪದ್ಯವನ್ನು ಅನುಸರಿಸಿ ವಿದ್ಯಾರ್ಥಿ ಬರೆದರೆ ಮಾದರಿಗೆ ಮೂಲ ಬಾಯಿಪಾಠವಾಗಿರುವುದರಿಂದ ಅಚ್ಚರಿ ಇಳಿಯುತ್ತದೆ, ಮನುಷ್ಯರು ಬರೆದದ್ದೂ ಯಂತ್ರದ್ದಾಗುತ್ತದೆ. ಪದ್ಯವನ್ನು ಡಿಟೆಕ್ಟರ್‌ಗೆ ಹಾಕಲೇಬೇಡಿ.

## ಹಂತ 4: ಲ್ಯಾಬ್ ರಿಪೋರ್ಟನ್ನು ಭಾಗಭಾಗವಾಗಿ ನೋಡಿ

ಹೆಚ್ಚು ಮೋಸ ಮಾಡುವುದು ಇದೇ, ಏಕೆಂದರೆ ಇದು ನೋಡಲು ಉದ್ದವಾಗಿದೆ, ಗದ್ಯದಂತೆಯೂ ಕಾಣುತ್ತದೆ. ಪಿಯು ರಸಾಯನಶಾಸ್ತ್ರದವರಿಗೆ ಚಿರಪರಿಚಿತವಾದ ಪ್ರಯೋಗವನ್ನೇ ನೋಡೋಣ: 0.05 ಮೋಲಾರ್ ಆಕ್ಸಾಲಿಕ್ ಆಮ್ಲದಿಂದ ಪೊಟ್ಯಾಸಿಯಂ ಪರ್ಮ್ಯಾಂಗನೇಟ್ ದ್ರಾವಣದ ಮೊಲಾರಿಟಿ ಕಂಡುಹಿಡಿಯುವುದು. ರಿಪೋರ್ಟ್ ಇಂಗ್ಲಿಷಿನಲ್ಲಿ ಟೈಪ್ ಆಗಿದೆ, ಒಟ್ಟು 460 ಪದ ಎಂದುಕೊಳ್ಳಿ.

ಬಿಡಿಸಿದಾಗ ಹೀಗೆ ಸಿಗುತ್ತದೆ. ತಲೆಬರಹ ಮತ್ತು ಉಪಕರಣಗಳ ಪಟ್ಟಿ 45 ಪದ. ತತ್ವ 70. ಪ್ರೊಸೀಜರ್ 130. ಕೋಷ್ಟಕ ಮತ್ತು ಲೆಕ್ಕ 75. ಮುನ್ನೆಚ್ಚರಿಕೆಗಳ ಪಟ್ಟಿ 60. ಫಲಿತಾಂಶ 15. ಚರ್ಚೆ 65.

460 ಎಂಬುದು 300ಕ್ಕಿಂತ ಹೆಚ್ಚು ಎಂದು ನೇರವಾಗಿ ಪೇಸ್ಟ್ ಮಾಡುವುದೇ ಸಾಮಾನ್ಯ ತಪ್ಪು. ಗದ್ಯವನ್ನಷ್ಟೇ ಎಣಿಸಿದರೆ ತತ್ವ, ಪ್ರೊಸೀಜರ್, ಫಲಿತಾಂಶ, ಚರ್ಚೆ ಸೇರಿ 280. ಕನಿಷ್ಠ ಮಿತಿಗೆ 20 ಪದ ಕಡಿಮೆ. ಆ 280ರಲ್ಲಿ ವಿದ್ಯಾರ್ಥಿಗೆ ಸ್ವಂತ ಮಾತು ಬಳಸುವ ಸ್ವಾತಂತ್ರ್ಯ ಇದ್ದದ್ದು ಚರ್ಚೆಯ 65 ಪದದಲ್ಲಿ ಮಾತ್ರ.

ಪ್ರೊಸೀಜರ್‌ನ 130 ಪದ ಏನು ಹೇಳುತ್ತದೆ? ಪಿಪೆಟ್‌ನಲ್ಲಿ 10 ಮಿಲಿ ಆಕ್ಸಾಲಿಕ್ ಆಮ್ಲ ತೆಗೆದು ಫ್ಲಾಸ್ಕ್‌ಗೆ ಹಾಕಲಾಯಿತು, ಸಾರರಿಕ್ತ ಸಲ್ಫ್ಯೂರಿಕ್ ಆಮ್ಲ ಸೇರಿಸಲಾಯಿತು, 60ರಿಂದ 70 ಡಿಗ್ರಿಗೆ ಬಿಸಿ ಮಾಡಲಾಯಿತು, ಬ್ಯುರೆಟ್‌ನಿಂದ ಪರ್ಮ್ಯಾಂಗನೇಟ್ ಬಿಡಲಾಯಿತು, ಕೊನೆಗೆ ಮಾಸದ ತಿಳಿ ಗುಲಾಬಿ ಬಣ್ಣ ಬಂತು. ಇಂಗ್ಲಿಷಿನಲ್ಲಿ "ಪರ್ಮನೆಂಟ್ ಪೇಲ್" ಎಂದು ಬರೆದ ಮೇಲೆ "ಪಿಂಕ್" ಬರದೆ ಇನ್ನೇನು ಬರುತ್ತದೆ? ಬೇರೆ ಬಣ್ಣ ಬರೆದರೆ ಉತ್ತರವೇ ತಪ್ಪು. ಕರ್ತೃ ಇಲ್ಲದ ಭೂತಕಾಲದ ವಾಕ್ಯವೇ ಬೇಕೆಂದು ನಿಯಮ ಮಾಡಿದ್ದೂ, ಮ್ಯಾನ್ಯುಯಲ್‌ನ ಮಾತಿಗೆ ಅಂಕ ಕೊಡುವುದೂ ನಾವೇ. ವಾಕ್ಯಗಳೆಲ್ಲ ಹತ್ತಿರಹತ್ತಿರ ಒಂದೇ ಉದ್ದ, ಒಂದೇ ಅಚ್ಚು. ಪರ್ಪ್ಲೆಕ್ಸಿಟಿ ಕಡಿಮೆ, ಬರ್ಸ್ಟಿನೆಸ್ ಕಡಿಮೆ. ಡಿಟೆಕ್ಟರ್ ಯಂತ್ರದ ಗುರುತೆಂದು ಹಿಡಿಯುವ ಎರಡೂ ಲಕ್ಷಣಗಳನ್ನು ಶ್ರದ್ಧೆಯ ವಿದ್ಯಾರ್ಥಿಯೇ ಪೂರೈಸಿಬಿಡುತ್ತಾನೆ.

ಕೋಷ್ಟಕ ಇದಕ್ಕೆ ತದ್ವಿರುದ್ಧ. ರೀಡಿಂಗ್‌ಗಳು 0.0ರಿಂದ 9.9, 0.0ರಿಂದ 9.8, 9.8ರಿಂದ 19.6. ಹೊಂದಿಕೆಯಾದ ಬೆಲೆ 9.8 ಮಿಲಿ. ಲೆಕ್ಕ:

```
M(KMnO4) = (2 × 0.05 × 10) / (5 × 9.8) = 0.0204 M
```

9.8 ಬರಬಹುದೆಂದು ಯಾವ ಮಾದರಿಯೂ ಖಚಿತವಾಗಿ ಊಹಿಸಲಾರದು. ಅಂಕಿಗಳು ಅಚ್ಚರಿಯನ್ನು ಏರಿಸುತ್ತವೆ, ಆದ್ದರಿಂದ ಯಂತ್ರ ಬರೆದ ರಿಪೋರ್ಟ್‌ಗೂ ದೊಡ್ಡ ಕೋಷ್ಟಕ ಅಂಟಿಸಿದರೆ ಅದು ಮನುಷ್ಯರದ್ದಾಗಿ ಕಾಣಬಹುದು. ಹೀಗೆ ಪ್ರೊಸೀಜರ್ ಒಂದು ಕಡೆಗೆ ಎಳೆಯುತ್ತದೆ, ಕೋಷ್ಟಕ ಇನ್ನೊಂದು ಕಡೆಗೆ. ಕೊನೆಯ ಅಂಕಿ ಹೇಳುವುದು ಇವೆರಡರ ಪ್ರಮಾಣವನ್ನು.

ಇಂಗ್ಲಿಷ್ ಮನೆಮಾತಲ್ಲದವರಿಗೆ ಇನ್ನೊಂದು ಹೊರೆಯೂ ಇದೆ. ಸ್ಟ್ಯಾನ್‌ಫರ್ಡ್‌ನ ಸಂಶೋಧಕರು 2023ರಲ್ಲಿ ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ ಟೋಫೆಲ್ ಎಂಬ ಇಂಗ್ಲಿಷ್ ಪರೀಕ್ಷೆಯ 91 ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಹಾಕಿದಾಗ ಸರಾಸರಿ 61% ಪ್ರಬಂಧಗಳನ್ನು ಅವು ಎಐ ಎಂದು ತಪ್ಪಾಗಿ ಗುರುತಿಸಿದವು. ಗೊತ್ತಿರುವ ಕಡಿಮೆ ಪದಗಳಲ್ಲೇ ಬರೆದಾಗ ಬರಹ ಊಹೆಗೆ ಸುಲಭವಾಗುತ್ತದೆ. ಹತ್ತನೇ ತರಗತಿಯ ತನಕ ಕನ್ನಡ ಮಾಧ್ಯಮದಲ್ಲಿ ಓದಿ ಪಿಯುನಲ್ಲಿ ಇಂಗ್ಲಿಷ್ ರೆಕಾರ್ಡ್ ಬರೆಯುವವರಿಗೆ ಅಚ್ಚಿನ ವಾಕ್ಯವೂ ಸಣ್ಣ ಪದಕೋಶವೂ ಒಟ್ಟಿಗೆ ಕೂಡುತ್ತವೆ. ಇವರ ಮೇಲೆ ಈ ಅಂಕಿಯನ್ನು ಹೊರಿಸುವುದು ಅನ್ಯಾಯ.

## ಹಂತ 5: ಹಳೆಯ ರೆಕಾರ್ಡ್‌ನಿಂದ ಡಿಟೆಕ್ಟರನ್ನೇ ಪರೀಕ್ಷಿಸಿ

ತೂಕ ಮಾಡುವ ಮೊದಲು ತಕ್ಕಡಿಯನ್ನು ಸೊನ್ನೆಗೆ ತರುತ್ತೇವೆ. ಇಲ್ಲೂ ಹಾಗೆ. 2018 ಅಥವಾ 2019ರ ರೆಕಾರ್ಡ್‌ಗಳಿಂದ ಇದೇ ಪ್ರಯೋಗವನ್ನು ಆರಿಸಿ. ಕೈಬರಹವಾದರೆ ತತ್ವದಿಂದ ಚರ್ಚೆಯ ತನಕ ಇದ್ದದ್ದು ಇದ್ದಂತೆ ಟೈಪ್ ಮಾಡಿ. ಕಾಗುಣಿತದ ತಪ್ಪನ್ನೂ ವ್ಯಾಕರಣದ ತಪ್ಪನ್ನೂ ತಿದ್ದಬೇಡಿ, ತಿದ್ದಿದರೆ ಪರೀಕ್ಷೆ ಕೆಡುತ್ತದೆ. ಕನಿಷ್ಠ ಐದು, ಸಾಧ್ಯವಾದರೆ ಹತ್ತು ರೆಕಾರ್ಡ್ ಬೇಕು.

ಈಗಿನ ರಿಪೋರ್ಟ್‌ಗೆ ಬಳಸುವ ಡಿಟೆಕ್ಟರ್‌ಗೇ, ಅದೇ ಭಾಗಗಳನ್ನು, ಅದೇ ದಿನ ಹಾಕಿ. ದಿನ ಬದಲಾದರೆ ಡಿಟೆಕ್ಟರ್‌ನ ಒಳಗಿನ ಮಾದರಿ ಬದಲಾಗಿರಬಹುದು. ಆ ಬರಹಗಳಲ್ಲಿ ಚಾಟ್‌ಜಿಪಿಟಿ ಇರಲು ಸಾಧ್ಯವೇ ಇಲ್ಲ. ಹತ್ತರಲ್ಲಿ ಎರಡು ಎಐ ಎಂದು ಬಂದರೂ ಈ ಪ್ರಯೋಗಕ್ಕೆ ಈ ಡಿಟೆಕ್ಟರ್ ಬಳಸಲಾಗದು. ಹತ್ತೂ ಸರಿಯಾಗಿ ಬಂದರೆ ಡಿಟೆಕ್ಟರ್ ಶುದ್ಧವಾಯಿತು ಎಂದಲ್ಲ. ಹತ್ತು ಸಲ ತಪ್ಪದ್ದು ಹನ್ನೊಂದನೇ ಸಲ ತಪ್ಪಬಹುದು.

## ಹಂತ 6: ಅಂಕಿ ಬಂದ ಮೇಲೆ ಅಲುಗಾಡಿಸಿ ನೋಡಿ

ಗದ್ಯ 300 ದಾಟಿದೆ, ಹಳೆಯ ರೆಕಾರ್ಡ್‌ನ ಪರೀಕ್ಷೆಯೂ ಆಗಿದೆ ಎಂದಾದರೆ ಅಳೆಯಬಹುದು. ಮೂರು ಸಲ ಅಳೆಯಿರಿ: ಕೋಷ್ಟಕ ಸೇರಿಸಿ, ಕೋಷ್ಟಕ ತೆಗೆದು, ಪ್ರೊಸೀಜರ್ ತೆಗೆದು. ಪ್ರೊಸೀಜರ್ ತೆಗೆದಾಗ ಉಳಿದ ಗದ್ಯ 300ಕ್ಕಿಂತ ಕೆಳಗಿಳಿದರೆ ಆ ಮೂರನೆಯ ಅಳತೆಯನ್ನು ಬಿಡಿ. ತೀರ್ಪು ಒಂದರಿಂದ ಇನ್ನೊಂದಕ್ಕೆ ಉಲ್ಟಾ ಆದರೆ ಬರಹದ ಆಕಾರವೇ ಅಂಕಿಯನ್ನು ತಂದಿದೆ ಎಂದರ್ಥ. ಅಂಥ ಅಂಕಿಯನ್ನು ಫೈಲ್‌ಗೆ ಸೇರಿಸಬೇಡಿ.

ಶೇಕಡಾ ಎಂದರೆ ಏನೆಂಬುದನ್ನೂ ನೋಡಿಕೊಳ್ಳಿ. ಟರ್ನಿಟಿನ್‌ನಲ್ಲಿ 40% ಎಂದರೆ ಅಳೆಯಲು ಅರ್ಹವಾದ ಗದ್ಯದಲ್ಲಿ 40% ಭಾಗ ಎಐ ಬರಹದಂತಿದೆ ಎಂದು. ಇಡೀ ರಿಪೋರ್ಟ್‌ನ 40% ಅಲ್ಲ. ಬೇರೆ ಕೆಲವು ಡಿಟೆಕ್ಟರ್‌ಗಳಲ್ಲಿ ಅದೇ ಚಿಹ್ನೆ "ಎಐ ಬರೆದಿರುವ ಸಂಭವ" ಎಂಬ ಅರ್ಥದಲ್ಲಿರುತ್ತದೆ. ಇವೆರಡನ್ನು ಪಕ್ಕಪಕ್ಕ ಇಟ್ಟು ಹೋಲಿಸಲಾಗದು. 20%ಗಿಂತ ಕೆಳಗೆ ತಪ್ಪು ಹೆಚ್ಚು ಎಂದು ಟರ್ನಿಟಿನ್ ಈಗ 1ರಿಂದ 19ರ ವರೆಗಿನ ಅಂಕಿಯನ್ನೇ ತೋರಿಸದೆ ನಕ್ಷತ್ರ ಚಿಹ್ನೆ ಹಾಕುತ್ತದೆ.

ಇನ್ನೊಂದು ಡಿಟೆಕ್ಟರ್ ಕೂಡ ಹಾಗೇ ಹೇಳಿತು ಎಂಬುದು ಎರಡನೇ ಸಾಕ್ಷಿಯಲ್ಲ. ಎರಡೂ ಒಂದೇ ಬಗೆಯ ಲಕ್ಷಣವನ್ನು ಅಳೆಯುವುದರಿಂದ ಅಚ್ಚಿನ ಬರಹದಲ್ಲಿ ಎರಡೂ ಒಟ್ಟಿಗೇ ತಪ್ಪುತ್ತವೆ. "ಇದನ್ನು ನೀನೇ ಬರೆದೆಯಾ" ಎಂದು ಚಾಟ್‌ಬಾಟ್ ಅನ್ನೇ ಕೇಳುವುದಂತೂ ಪರೀಕ್ಷೆಯೇ ಅಲ್ಲ. ಬೇರೆಯವರಿಗೆ ತಾನು ಬರೆದುಕೊಟ್ಟದ್ದರ ದಾಖಲೆ ಅದರ ಬಳಿ ಇರುವುದಿಲ್ಲ.

ತರಗತಿಯ ಲೆಕ್ಕವನ್ನೂ ಒಮ್ಮೆ ಹಾಕಿ. ಓಪನ್‌ಎಐ ತನ್ನ ಡಿಟೆಕ್ಟರ್ ಬಗ್ಗೆ ಕೊಟ್ಟ ಅಂಕಿ: ಎಐ ಬರಹದಲ್ಲಿ 26% ಹಿಡಿಯುತ್ತದೆ, ಮನುಷ್ಯರ ಬರಹದಲ್ಲಿ 9% ತಪ್ಪಾಗಿ ಹಿಡಿಯುತ್ತದೆ. 120 ಮಂದಿಯಲ್ಲಿ 20 ಮಂದಿ ಎಐ ಬಳಸಿದ್ದಾರೆ ಎಂದುಕೊಂಡರೆ ಅವರಲ್ಲಿ ಸುಮಾರು 5 ಮಂದಿ ಸಿಕ್ಕಿಬೀಳುತ್ತಾರೆ, ಬಳಸದ 100ರಲ್ಲಿ 9 ಮಂದಿಯೂ ಸಿಕ್ಕಿಬೀಳುತ್ತಾರೆ. ಹಿಡಿದ 14ರಲ್ಲಿ 9 ನಿರಪರಾಧಿಗಳು. ಈಗಿನ ಡಿಟೆಕ್ಟರ್‌ಗಳ ಅಂಕಿ ಇದಕ್ಕಿಂತ ಉತ್ತಮವಿರಬಹುದು, ಆದರೆ ಅವರು ಪ್ರಕಟಿಸುವ ಅಂಕಿ ಉದ್ದನೆಯ ಗದ್ಯದ ಮೇಲೆ ಅಳೆದದ್ದು. ಅದನ್ನು ಪ್ರೊಸೀಜರ್‌ಗೆ ಎತ್ತಿ ಹಚ್ಚಲಾಗದು.

## ಹಂತ 7: ಅಳೆಯಲಾಗದ ಬರಹಕ್ಕೆ ಬೇರೆ ಆಧಾರ ಹುಡುಕಿ

ಲ್ಯಾಬ್ ರಿಪೋರ್ಟ್‌ನಲ್ಲಿ ಸ್ವಂತದ್ದು ಎಲ್ಲಿದೆ ಎಂದು ಎರಡನೇ ಹಂತದಲ್ಲೇ ಬಣ್ಣ ಹಾಕಿ ನೋಡಿದ್ದೀರಿ: ರೀಡಿಂಗ್‌ಗಳಲ್ಲಿ ಮತ್ತು ಚರ್ಚೆಯಲ್ಲಿ. ಅಲ್ಲೇ ಹುಡುಕಿ. ಪ್ರಯೋಗದ ದಿನ ನೀವು ಸಹಿ ಹಾಕಿದ ಕಚ್ಚಾ ಹಾಳೆಯ ರೀಡಿಂಗ್‌ಗೂ ಟೈಪ್ ಮಾಡಿದ ಕೋಷ್ಟಕಕ್ಕೂ ತಾಳೆ ನೋಡಿ. ಕಚ್ಚಾ ಹಾಳೆಯಲ್ಲಿ 9.9, 9.8, 9.8 ಇದ್ದು ರಿಪೋರ್ಟ್‌ನಲ್ಲಿ ಮೂರೂ 10.0 ಆಗಿದ್ದರೆ ಕೇಳಲು ಒಂದು ನಿಜವಾದ ಪ್ರಶ್ನೆ ಸಿಕ್ಕಿತು.

ವೈವಾದಲ್ಲಿ ಐದು ನಿಮಿಷ ಸಾಕು. ಬಿಸಿ ಮಾಡದೆ ಟೈಟ್ರೇಟ್ ಮಾಡಿದರೆ ಏನು ಕಾಣುತ್ತದೆ? ಮೊದಲ ಹನಿಗಳ ಬಣ್ಣ ನಿಧಾನವಾಗಿ ಹೋಗಿ ಆಮೇಲೆ ಬೇಗ ಹೋಗುವುದೇಕೆ? ಸಲ್ಫ್ಯೂರಿಕ್ ಬದಲು ಹೈಡ್ರೋಕ್ಲೋರಿಕ್ ಆಮ್ಲ ಯಾಕೆ ಬಳಸಬಾರದು? ನಿಮ್ಮ ಮೊದಲ ರೀಡಿಂಗ್ 9.9 ಯಾಕೆ ಬಂತು? ಬ್ಯುರೆಟ್ ಹಿಡಿದು ನಿಂತವರು ಮೊದಲ ಮತ್ತು ಕೊನೆಯ ಪ್ರಶ್ನೆಗೆ ತಾವು ಕಂಡದ್ದನ್ನು ಹೇಳುತ್ತಾರೆ, ಇಂಗ್ಲಿಷ್ ತಡವರಿಸಿದರೂ ಸರಿ. ಕನ್ನಡದಲ್ಲೇ ಹೇಳಲು ಬಿಡಿ.

ಚುಟುಕು ಉತ್ತರಕ್ಕೆ ಅದೇ ಪ್ರಶ್ನೆಯನ್ನು ಸಂಖ್ಯೆ ಬದಲಿಸಿ ತರಗತಿಯಲ್ಲೇ ಬರೆಸಿ. ಪದ್ಯವಾದರೆ ಎರಡು ಸಾಲಿಗೆ ಪ್ರಸ್ತಾರ ಹಾಕಿಸಿ, ಒಂದು ಪದ ಬದಲಿಸಿದರೆ ಮಾತ್ರೆ ಎಲ್ಲಿ ಕೆಡುತ್ತದೆ ಎಂದು ಕೇಳಿ. ಟೈಪ್ ಮಾಡಿದ ಬರಹವಾದರೆ ಗೂಗಲ್ ಡಾಕ್ಸ್‌ನ ವರ್ಷನ್ ಹಿಸ್ಟರಿಯನ್ನು ತೋರಿಸಲು ಹೇಳಿ. ಆದರೆ ಕೈಬರಹದ ಕರಡಿನಿಂದ ಒಂದೇ ಸಲ ಟೈಪ್ ಮಾಡಿದವರ ಹಿಸ್ಟರಿ ಖಾಲಿ ಇರುವುದು ಸಹಜ, ಆಗ ಕರಡನ್ನು ಕೇಳಿ.

ಆರೋಪ ಎದುರಿಸುತ್ತಿರುವ ವಿದ್ಯಾರ್ಥಿಗಳು ಬರವಣಿಗೆಯಲ್ಲಿ ನಾಲ್ಕು ಸಂಗತಿ ಕೇಳಬಹುದು: ಯಾವ ಡಿಟೆಕ್ಟರ್, ಯಾವ ದಿನ ಅಳೆದದ್ದು, ಯಾವ ಭಾಗಗಳನ್ನು ಪೇಸ್ಟ್ ಮಾಡಿದ್ದು, ಅದರಲ್ಲಿ ಗದ್ಯದ ಪದ ಎಷ್ಟು. ಜೊತೆಗೆ ಕಚ್ಚಾ ಹಾಳೆಯ ಫೋಟೋ ಮತ್ತು ಡಿಟೆಕ್ಟರ್‌ನ ಸಹಾಯ ಪುಟದಲ್ಲಿರುವ ಕನಿಷ್ಠ ಮಿತಿಯ ಸಾಲನ್ನು ಮುದ್ರಿಸಿ ಲಗತ್ತಿಸಿ.